ಹಳೇ ಗೇಮಿಂಗ್ ಲ್ಯಾಪ್‌ಟಾಪ್ ಮಾರುವವರಿಗೆ ಮೇಲ್‌ನಲ್ಲಿ ಏನು ಕೇಳಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಗುಬ್ಬಿ, ಶಿರಾ ಕಡೆಯಿಂದ ಬೆಂಗಳೂರಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಗೇಮಿಂಗ್ ಲ್ಯಾಪ್‌ಟಾಪ್ ತರುವವರು ಹೊರಡುವ ಮುಂಚೆ ನನ್ನನ್ನು ಕೇಳುವ ಪ್ರಶ್ನೆಗಳು ಇವು. ಬೆಲೆ, ಬಣ್ಣ, ಕೀಬೋರ್ಡಿನ ಲೈಟು ಇಲ್ಲಿಲ್ಲ. ಕೂಲಿಂಗ್ ಮತ್ತು ಗ್ರಾಫಿಕ್ಸ್ ಎರಡೇ ಇವೆ. ಕೆಟ್ಟರೆ ದುಬಾರಿಯಾಗುವುದು ಅವೇ, ಫೋಟೋದಲ್ಲಿ ಕಾಣದಿರುವುದೂ ಅವೇ.

## ಮೇಲ್ ಬರೆಯುವ ಮುಂಚೆ

ಫೋನ್ ಮಾಡಿ ಕೇಳಿದರೆ ಆಗಲ್ವಾ? ಮೇಲ್ ಯಾಕೆ?

ಫೋನಿನಲ್ಲಿ "ಹೀಟಿಂಗ್ ಇದೆಯಾ ಸರ್?" ಅಂತ ಕೇಳಿದರೆ "ಏನೂ ಇಲ್ಲ, ಸೂಪರ್ ಕಂಡೀಷನ್" ಅಂತಲೇ ಉತ್ತರ ಬರುತ್ತದೆ. ಅವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಎಷ್ಟು ಬಿಸಿಯಾದರೆ ಜಾಸ್ತಿ ಅನ್ನುವುದು ಅವರಿಗೂ ಗೊತ್ತಿರುವುದಿಲ್ಲ. ಮೇಲ್‌ನಲ್ಲಾದರೆ ಒಂದು ಫೈಲು, ಒಂದು ಸ್ಕ್ರೀನ್‌ಶಾಟ್ ಕೇಳಬಹುದು, ನಿಧಾನವಾಗಿ ಓದಬಹುದು. ಆಮೇಲೆ ಮುಖಾಮುಖಿ ನೋಡುವಾಗ ಅದೇ ಅಂಕಿಗಳನ್ನು ಪಕ್ಕದಲ್ಲಿಟ್ಟು ಹೋಲಿಸಬಹುದು. ಮೊದಲು ಫೋನಿನಲ್ಲಿ ಮಾತಾಡಿ "ಒಂದು ಮೇಲ್ ಹಾಕ್ತೀನಿ, ನೋಡಿ" ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಎಷ್ಟು ಪ್ರಶ್ನೆ ಕೇಳಬಹುದು? ಜಾಸ್ತಿ ಕೇಳಿದರೆ ಬಿಟ್ಟುಬಿಡ್ತಾರೇನೋ

ಬಿಟ್ಟುಬಿಡುತ್ತಾರೆ, ನಿಮ್ಮ ಅಂದಾಜು ಸರಿ. ಇಪ್ಪತ್ತು ಪ್ರಶ್ನೆಯ ಪಟ್ಟಿ ಕಳಿಸಿದವರಿಗೆ ಉತ್ತರ ಬಂದದ್ದನ್ನು ನಾನು ನೋಡಿಲ್ಲ. ಐದಾರು ಸಾಕು. ಆದರೆ ಪ್ರತಿಯೊಂದೂ "ಹೌದು, ಚೆನ್ನಾಗಿದೆ" ಅಂತ ಹೇಳಿ ಮುಗಿಸಲಾಗದ ಪ್ರಶ್ನೆಯಾಗಿರಬೇಕು. "ಗೇಮ್ ಸ್ಮೂತಾಗಿ ಆಡುತ್ತಾ?" ಅಂತ ಕೇಳಿದರೆ ಏನೂ ಸಿಗುವುದಿಲ್ಲ. "25 ನಿಮಿಷ ಗೇಮ್ ಓಡಿಸಿದ ಮೇಲೆ ಗ್ರಾಫಿಕ್ಸ್ ಎಷ್ಟು ವ್ಯಾಟ್ ಎಳೆಯುತ್ತೆ, ಆಗ ಎಷ್ಟು ಡಿಗ್ರಿ?" ಅಂತ ಕೇಳಿದರೆ ಅಂಕಿ ಬರಲೇಬೇಕು, ಇಲ್ಲವೇ ಮೌನ ಬರಬೇಕು. ಎರಡೂ ನಿಮಗೆ ಮಾಹಿತಿಯೇ.

ಮೇಲ್ ಹೇಗೆ ಬರೆಯಲಿ? ಒಂದು ಮಾದರಿ ಕೊಡಿ

ತಗೊಳ್ಳಿ. ಆರ್‌ಟಿಎಕ್ಸ್ 3060 ಇರುವ ಲ್ಯಾಪ್‌ಟಾಪಿಗೆ ಅಂತ ಬರೆದಿದ್ದೇನೆ. ನಿಮ್ಮದಕ್ಕೆ ಬದಲಾಯಿಸಿಕೊಳ್ಳಿ.

> ವಿಷಯ: ನಿಮ್ಮ 3060 ಲ್ಯಾಪ್‌ಟಾಪ್ – ನೋಡಲು ಬರುವ ಮುಂಚೆ ಆರು ಪ್ರಶ್ನೆ
>
> ನಮಸ್ಕಾರ ಸರ್,
>
> ನಾನು ತುಮಕೂರಿನವನು. ಬೆಳಿಗ್ಗೆ ಫೋನಿನಲ್ಲಿ ಮಾತಾಡಿದ್ದೆ. ಲ್ಯಾಪ್‌ಟಾಪ್ ಇಷ್ಟವಾಗಿದೆ. ಇವು ಸರಿಯಿದ್ದರೆ ಭಾನುವಾರವೇ ಬರುತ್ತೇನೆ.
>
> 1. ಇದರ ಗ್ರಾಫಿಕ್ಸ್ ಎಷ್ಟು ವ್ಯಾಟಿನದು? ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ System Information ಪುಟದ ಸ್ಕ್ರೀನ್‌ಶಾಟ್ ಕಳಿಸ್ತೀರಾ?
>
> 2. ಚಾರ್ಜರ್ ಹಾಕಿ, ಪರ್ಫಾರ್ಮೆನ್ಸ್ ಮೋಡಿನಲ್ಲಿಟ್ಟು, ನೀವು ಆಡುವ ಯಾವುದಾದರೂ ದೊಡ್ಡ ಗೇಮನ್ನು 25 ನಿಮಿಷ ಓಡಿಸಿ. ಕೆಳಗಿನ ಕಮ್ಯಾಂಡ್ ಆ ಹೊತ್ತಿನ ಅಂಕಿಗಳನ್ನು ಒಂದು ಫೈಲಿಗೆ ಬರೆಯುತ್ತದೆ. ಗೇಮ್ ಮುಚ್ಚಿದ ಮೇಲೂ ಎರಡು ನಿಮಿಷ ಬಿಟ್ಟು ನಿಲ್ಲಿಸಿ. ಆ ಫೈಲು ಬೇಕು. ಆಗ ರೂಮು ಎಷ್ಟು ಬಿಸಿ ಇತ್ತು, ಎಸಿ ಇತ್ತಾ ಅಂತಲೂ ಹೇಳಿ.
>
> 3. ಗೇಮ್ ಓಡುವಾಗ ಫ್ಯಾನ್ ಹತ್ತಿರ ಫೋನ್ ಹಿಡಿದು ಅರ್ಧ ನಿಮಿಷದ ವಿಡಿಯೋ, ಆಮೇಲೆ ಗೇಮ್ ಮುಚ್ಚಿ ಫ್ಯಾನ್ ನಿಧಾನವಾಗುವ ತನಕದ್ದೂ.
>
> 4. ಹಿಂದಿನ ಮುಚ್ಚಳ ಯಾವಾಗಲಾದರೂ ತೆಗೆಸಿದ್ದೀರಾ? ಚಿಪ್ಪಿನ ಥರ್ಮಲ್ ಪೇಸ್ಟ್ ಬದಲಾಯಿಸಿದ್ದರೆ ಯಾವಾಗ, ಯಾರು?
>
> 5. ಮದರ್‌ಬೋರ್ಡ್ ಅಥವಾ ಗ್ರಾಫಿಕ್ಸ್ ಚಿಪ್ ರಿಪೇರಿ ಆಗಿದೆಯಾ? ಆಗಿದ್ದರೆ ಬಿಲ್ಲಿನ ಫೋಟೋ.
>
> 6. `perfmon /rel` ಅಂತ ಟೈಪ್ ಮಾಡಿದರೆ ತೆರೆಯುವ ಪರದೆಯ ಸ್ಕ್ರೀನ್‌ಶಾಟ್.
>
> ಸ್ವಲ್ಪ ಸಮಯ ಹಿಡಿಯುತ್ತೆ, ಗೊತ್ತು. ಅವಸರ ಇಲ್ಲ.

ಎರಡನೇ ಪ್ರಶ್ನೆಯ ಕಮ್ಯಾಂಡನ್ನು ಮುಂದೆ ಕೊಟ್ಟಿದ್ದೇನೆ, ಮೇಲ್ ಕಳಿಸುವ ಮುಂಚೆ ಅದರ ಕೊನೆಗೆ ಸೇರಿಸಿ. ಈ ಮೇಲ್‌ನ ಜೀವವೇ ಆ ಪ್ರಶ್ನೆ. ಬೇರೆ ಎಲ್ಲ ಬಿಟ್ಟರೂ ಅದನ್ನು ಬಿಡಬೇಡಿ.

## ಅಂಕಿಗಳು ಏನು ಹೇಳುತ್ತವೆ

3060 ಅಂದ್ರೆ 3060 ಅಲ್ವಾ? ವ್ಯಾಟ್ ಯಾಕೆ ಕೇಳಬೇಕು?

ಲ್ಯಾಪ್‌ಟಾಪಿನಲ್ಲಿ ಒಂದೇ ಹೆಸರಿನ ಚಿಪ್ಪು ಬೇರೆ ಬೇರೆ ಶಕ್ತಿಯಲ್ಲಿ ಬರುತ್ತದೆ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 3060 ಅನ್ನು 60 ವ್ಯಾಟಿನಿಂದ 115 ವ್ಯಾಟಿನ ತನಕ ಎಷ್ಟಕ್ಕೆ ಬೇಕಾದರೂ ಕಂಪನಿಯವರು ಹೊಂದಿಸಬಹುದು. ಸಿಪಿಯುಗೆ ಕೆಲಸ ಕಡಿಮೆ ಇದ್ದಾಗ ಅದರ ಪಾಲಿನ 15 ವ್ಯಾಟನ್ನು ಗ್ರಾಫಿಕ್ಸಿಗೆ ಕೊಡುವ ಡೈನಾಮಿಕ್ ಬೂಸ್ಟ್ ಕೆಲವದರಲ್ಲಿ ಇದೆ. ಜಾಹೀರಾತಿನಲ್ಲಿ 130 ವ್ಯಾಟ್ ಅಂತ ಕಾಣುವುದು ಹಾಗೆ. 3050 ಆದರೆ 35ರಿಂದ 80. ತೆಳ್ಳಗಿನ, ಹಗುರವಾದ ಮಾಡೆಲ್ಲುಗಳಲ್ಲಿ ಸಾಮಾನ್ಯವಾಗಿ ಕಡಿಮೆ ವ್ಯಾಟಿನದೇ ಇರುತ್ತದೆ. 80 ವ್ಯಾಟಿನ 3060ಗೆ 130 ವ್ಯಾಟಿನದರ ಬೆಲೆ ಕೊಡಬಾರದು, ಅಷ್ಟೇ.

ಮೊದಲ ಪ್ರಶ್ನೆಯ ಸ್ಕ್ರೀನ್‌ಶಾಟಿನಲ್ಲಿ ಗ್ರಾಫಿಕ್ಸ್ ಪವರ್ ಎಂಬ ಸಾಲನ್ನು ನೋಡಿ. ಅಲ್ಲಿ ಬರುವ ಅಂಕಿ ಕಂಪನಿ ಕೊಟ್ಟ ಮಾತು. ಆ ಮಾತನ್ನು ಈ ಹಳೇ ಲ್ಯಾಪ್‌ಟಾಪ್ ಇವತ್ತು ಉಳಿಸಿಕೊಳ್ಳುತ್ತದಾ ಅಂತ ಎರಡನೇ ಪ್ರಶ್ನೆಯ ಫೈಲು ಹೇಳುತ್ತದೆ.

ಬರೀ ಟೆಂಪರೇಚರ್ ಕೇಳಿದರೆ ಸಾಲದಾ? 75 ಡಿಗ್ರಿ ಅಂದರು, ಚೆನ್ನಾಗಿದೆ ಅಲ್ವಾ?

ವ್ಯಾಟ್ ಗೊತ್ತಿಲ್ಲದೆ ಡಿಗ್ರಿಗೆ ಅರ್ಥವೇ ಇಲ್ಲ. ಗೇಮಿನಲ್ಲಿ ವಿ-ಸಿಂಕ್ ಹಾಕಿ 60 ಫ್ರೇಮಿಗೆ ಕಟ್ಟಿಹಾಕಿದ್ದರೆ ಚಿಪ್ಪು 50 ವ್ಯಾಟಿನಲ್ಲಿ ಆರಾಮಾಗಿ ಕೂತಿರಬಹುದು. ಆಗ 75 ಡಿಗ್ರಿ ಅಂದರೆ ಕೂಲಿಂಗ್ ಕೆಟ್ಟಿರುವ ಸಾಧ್ಯತೆಯೇ ಜಾಸ್ತಿ. ಅದೇ 125 ವ್ಯಾಟ್ ಎಳೆಯುತ್ತಾ ಅರ್ಧ ಗಂಟೆ 75ರಲ್ಲಿ ನಿಂತರೆ ಕಣ್ಣು ಮುಚ್ಚಿ ಮಾತು ಮುಂದುವರಿಸಿ.

ಇನ್ನೂ ಒಂದು ವಿಷಯ. ಈ ಚಿಪ್ಪುಗಳಿಗೆ ಒಂದು ಬಿಸಿಯ ಮಿತಿ ಇದೆ. ಲ್ಯಾಪ್‌ಟಾಪಿನ ಎನ್‌ವಿಡಿಯಾ ಚಿಪ್ಪುಗಳಲ್ಲಿ ಸಾಮಾನ್ಯವಾಗಿ 87 ಡಿಗ್ರಿ ಆಸುಪಾಸು. ಅಲ್ಲಿಗೆ ಮುಟ್ಟಿದ ಮೇಲೆ ಡಿಗ್ರಿ ಏರುವುದಿಲ್ಲ, ಚಿಪ್ಪೇ ತನ್ನ ವೇಗ ಇಳಿಸಿಕೊಳ್ಳುತ್ತದೆ. ಹಾಗಾಗಿ ಪರವಾಗಿಲ್ಲ ಅನ್ನುವ ಲ್ಯಾಪ್‌ಟಾಪೂ ಪೂರ್ತಿ ಕೆಟ್ಟದ್ದೂ ಎರಡೂ 87 ಅಂತಲೇ ತೋರಿಸಬಹುದು. ವ್ಯತ್ಯಾಸ ಗೊತ್ತಾಗುವುದು ವ್ಯಾಟಿನಲ್ಲಿ.

ಆ ಕಮ್ಯಾಂಡ್ ಯಾವುದು? ಅವರು ಏನಾದರೂ ಇನ್‌ಸ್ಟಾಲ್ ಮಾಡಬೇಕಾ?

ಬೇಡ. ಎನ್‌ವಿಡಿಯಾ ಡ್ರೈವರ್ ಜೊತೆಗೇ ಬಂದಿರುತ್ತದೆ. ಕಮ್ಯಾಂಡ್ ಪ್ರಾಂಪ್ಟ್ ತೆರೆದು ಇದನ್ನು ಪೇಸ್ಟ್ ಮಾಡಿದರೆ ಸಾಕು:

```
nvidia-smi --query-gpu=timestamp,temperature.gpu,power.draw,clocks.sm,utilization.gpu --format=csv -l 5 -f gpu.csv
```

ಐದು ಸೆಕೆಂಡಿಗೊಮ್ಮೆ ಒಂದು ಸಾಲು ಬರೆಯುತ್ತಾ ಹೋಗುತ್ತದೆ. ನಿಲ್ಲಿಸಲು `Ctrl+C`. ಅವರ ಯೂಸರ್ ಫೋಲ್ಡರಿನಲ್ಲಿ `gpu.csv` ಅಂತ ಫೈಲು ಇರುತ್ತದೆ, ಅದನ್ನೇ ಮೇಲಿಗೆ ಅಂಟಿಸಬೇಕು. ಮಾರುವವರಿಗೆ ಇದು ತೀರಾ ಸುಲಭ. ಕೂತು ಸ್ಕ್ರೀನ್‌ಶಾಟ್ ಹೊಡೆಯುವ ತಾಪತ್ರಯ ಇಲ್ಲ.

ಕೆಲವು ಹಳೇ ಚಿಪ್ಪುಗಳಲ್ಲಿ ವ್ಯಾಟಿನ ಜಾಗದಲ್ಲಿ `[N/A]` ಅಂತ ಬರುತ್ತದೆ. ಎಎಂಡಿ ರೇಡಿಯಾನ್ ಇದ್ದರೆ ಈ ಕಮ್ಯಾಂಡೇ ಇರುವುದಿಲ್ಲ. ಆಗ `HWiNFO64` ಅನ್ನುವ ಉಚಿತ ಪ್ರೋಗ್ರಾಮ್ ಹಾಕಿಸಿ, 25ನೇ ನಿಮಿಷದಲ್ಲಿ ಸೆನ್ಸರ್ ಪಟ್ಟಿಯ ಸ್ಕ್ರೀನ್‌ಶಾಟ್ ಕೇಳಿ.

ಹತ್ತು ನಿಮಿಷ ಓಡಿಸಿದರೆ ಸಾಕಲ್ವಾ?

ಸಾಲದು. ತಾಮ್ರದ ಪೈಪು, ಹೀಟ್‌ಸಿಂಕು, ಇಡೀ ಬಾಡಿ ಬಿಸಿಯಾಗಿ ಒಂದು ಮಟ್ಟಕ್ಕೆ ನಿಲ್ಲಲು ಸಮಯ ಬೇಕು. ಧೂಳು ತುಂಬಿದ ಲ್ಯಾಪ್‌ಟಾಪೂ ಮೊದಲ ಐದು ನಿಮಿಷ ಹೊಸದರಂತೆ ಓಡುತ್ತದೆ. ಅಂಗಡಿಯಲ್ಲಿ "ನೋಡಿ ಸರ್" ಅಂತ ಎರಡು ನಿಮಿಷ ಗೇಮ್ ತೋರಿಸಿ ಮುಚ್ಚಿದರೆ ಅದನ್ನು ಪರೀಕ್ಷೆ ಅಂತ ಎಣಿಸಬೇಡಿ.

ರೂಮಿನ ಬಿಸಿ ಯಾಕೆ ಕೇಳಬೇಕು? ಸುಮ್ನೆ ಅತಿ ಅನ್ಸುತ್ತೆ

ಅತಿ ಅಲ್ಲ, ನಿಮಗೆ ಇದು ಮುಖ್ಯ. ಫ್ಯಾನ್ ವೇಗ ಮತ್ತು ವ್ಯಾಟ್ ಅಷ್ಟೇ ಇದ್ದರೆ, ರೂಮು 10 ಡಿಗ್ರಿ ಏರಿದರೆ ಚಿಪ್ಪೂ ಹೆಚ್ಚುಕಡಿಮೆ 10 ಡಿಗ್ರಿ ಏರುತ್ತದೆ. ಅವರು ಎಸಿ ರೂಮಿನಲ್ಲಿ 23 ಡಿಗ್ರಿಯಲ್ಲಿ ಓಡಿಸಿ 78 ಅಂತ ಕಳಿಸಿದರು ಅಂದುಕೊಳ್ಳಿ. ಏಪ್ರಿಲ್ ಮಧ್ಯಾಹ್ನ ತುಮಕೂರಿನ ಶೀಟಿನ ಮನೆಯಲ್ಲಿ ರೂಮೇ 35 ಇರುತ್ತದೆ. 78ಕ್ಕೆ 12 ಸೇರಿಸಿದರೆ 90. ಚಿಪ್ಪು 87ರಲ್ಲೇ ನಿಂತು ವ್ಯಾಟ್ ಇಳಿಸುತ್ತದೆ. ಅವರ ಹತ್ತಿರ ಚೆನ್ನಾಗಿದ್ದದ್ದು ನಿಮ್ಮಲ್ಲಿ ಎಳೆದಾಡುತ್ತದೆ. ಅದರಲ್ಲಿ ಯಾರ ತಪ್ಪೂ ಇಲ್ಲ, ಲೆಕ್ಕ ಮೊದಲೇ ಹಾಕಿಕೊಳ್ಳಬೇಕು.

## ಉತ್ತರ ಬಂದ ಮೇಲೆ

ಫೈಲು ಬಂತು. ಸಾವಿರಾರು ಅಂಕಿ ಇದೆ. ಎಲ್ಲಿಂದ ಓದಲಿ?

ಮೊದಲು ಕೊನೆಯ ಕಾಲಂ ನೋಡಿ. ಗೇಮ್ ಓಡುವಷ್ಟು ಹೊತ್ತೂ ಬಳಕೆ 95 ಶೇಕಡಾ ಮೇಲೆ ಇರಬೇಕು. 50, 60 ಅಂತ ಇದ್ದರೆ ಚಿಪ್ಪಿಗೆ ಪೂರ್ತಿ ಕೆಲಸ ಬಿದ್ದಿಲ್ಲ, ಉಳಿದ ಅಂಕಿಗಳನ್ನು ಓದಿ ಪ್ರಯೋಜನವಿಲ್ಲ. ಫ್ರೇಮ್ ಲಿಮಿಟ್ ತೆಗೆದು ಮತ್ತೆ ಓಡಿಸಲು ಕೇಳಿ. ಅದು ಸರಿಯಿದ್ದರೆ ಮೂರು ಜಾಗದ ಸಾಲು ಆರಿಸಿ: ಶುರು, ಮಧ್ಯ, ಕೊನೆ. ಒಂದು ಉದಾಹರಣೆ ನೋಡೋಣ. 130 ವ್ಯಾಟಿನ 3060, ರೂಮು 27 ಡಿಗ್ರಿ, ಕೇಳಿದ ಬೆಲೆ 52,000 ರೂಪಾಯಿ. ಮೂರನೇ, ಹತ್ತನೇ, ಇಪ್ಪತ್ತೈದನೇ ನಿಮಿಷದ ಸಾಲುಗಳು, ಸಮಯ ಬಿಟ್ಟು:

```
77, 128.10 W, 1725 MHz, 98 %
86, 112.40 W, 1620 MHz, 98 %
87,  84.30 W, 1335 MHz, 99 %
```

128ರಿಂದ 112ಕ್ಕೆ ಇಳಿದದ್ದಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಗೇಮಿನಲ್ಲಿ ಸಿಪಿಯುಗೂ ಕೆಲಸ ಬಿದ್ದಾಗ ಬೂಸ್ಟಿನ 15 ವ್ಯಾಟ್ ವಾಪಸ್ ಹೋಗುತ್ತದೆ, ಅದು ಸಹಜ. ಆದರೆ 84 ಸಹಜವಲ್ಲ. ಬೂಸ್ಟ್ ಬಿಟ್ಟು ಸಿಗಬೇಕಾದ 115ರಲ್ಲಿ 31 ವ್ಯಾಟ್ ಬಿಸಿಯಿಂದಾಗಿ ಹೋಗಿದೆ. ಡಿಗ್ರಿ ಮಾತ್ರ 86ರಿಂದ 87ಕ್ಕೆ ಒಂದೇ ಹೆಜ್ಜೆ ಏರಿದೆ ನೋಡಿ. ಟೆಂಪರೇಚರ್ ಒಂದನ್ನೇ ಕೇಳಿದ್ದರೆ ಏನೂ ಗೊತ್ತಾಗುತ್ತಿರಲಿಲ್ಲ.

ಗೇಮಿನಲ್ಲಿ ಇದರ ಪರಿಣಾಮ ಎಷ್ಟು? ವ್ಯಾಟ್ ಮೂರನೇ ಒಂದು ಭಾಗ ಹೋದರೂ ಫ್ರೇಮ್ ಅಷ್ಟು ಬೀಳುವುದಿಲ್ಲ. ವೇಗ 1725ರಿಂದ 1335ಕ್ಕೆ, ಅಂದರೆ ಸುಮಾರು 23 ಶೇಕಡಾ ಇಳಿದಿದೆ. ಫ್ರೇಮೂ ಹೆಚ್ಚುಕಡಿಮೆ ಅಷ್ಟೇ ಬೀಳಬಹುದು. 80 ಫ್ರೇಮ್ ಬರುತ್ತಿದ್ದ ಕಡೆ 62, 63. ಆಡಲು ಆಗುತ್ತದೆ. ಆದರೆ ನೀವು ದುಡ್ಡು ಕೊಡುತ್ತಿರುವುದು 130 ವ್ಯಾಟಿನದಕ್ಕೆ, ಸಿಗುತ್ತಿರುವುದು 85 ವ್ಯಾಟಿನದು.

ಇದು ಧೂಳಾ, ಪೇಸ್ಟಾ, ಚಿಪ್ಪೇ ಹೋಗಿದೆಯಾ? ದೂರದಿಂದ ಹೇಳಬಹುದಾ?

ಖಚಿತವಾಗಿ ಅಲ್ಲ. ಆದರೆ ಒಳ್ಳೆಯ ಅಂದಾಜು ಸಿಗುತ್ತದೆ. ಡಿಗ್ರಿ ಎಷ್ಟು ಬೇಗ ಏರುತ್ತದೆ, ಎಷ್ಟು ಬೇಗ ಇಳಿಯುತ್ತದೆ ಅನ್ನುವುದರಲ್ಲಿ ಉತ್ತರ ಇದೆ. ಐದು ಸೆಕೆಂಡಿಗೊಂದು ಸಾಲು ಬೇಕು, ಗೇಮ್ ಮುಚ್ಚಿದ ಮೇಲೂ ಎರಡು ನಿಮಿಷ ಬೇಕು ಅಂತ ಕೇಳಿದ್ದು ಅದಕ್ಕೇ.

ಚಿಪ್ಪಿನ ಬಿಸಿ ಮೊದಲು ಪೇಸ್ಟ್ ದಾಟಿ ತಾಮ್ರಕ್ಕೆ ಹೋಗುತ್ತದೆ, ಅಲ್ಲಿಂದ ಹೀಟ್‌ಸಿಂಕಿನ ಎಸಳುಗಳಿಗೆ, ಅಲ್ಲಿಂದ ಫ್ಯಾನಿನ ಗಾಳಿಗೆ. ಪೇಸ್ಟ್ ಒಣಗಿದ್ದರೆ ಬಿಸಿ ಚಿಪ್ಪಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಚಿಪ್ಪು ಚಿಕ್ಕದು, ಸೆಕೆಂಡುಗಳಲ್ಲಿ ಕಾಯುತ್ತದೆ. ಗೇಮ್ ಶುರುವಾದ ಹತ್ತು ಹದಿನೈದು ಸೆಕೆಂಡಿನಲ್ಲೇ 50ರಿಂದ 80 ದಾಟಿದರೆ, ಮುಚ್ಚಿದ ಕೂಡಲೇ ಅಷ್ಟೇ ಬೇಗ ಧಡಕ್ಕನೆ ಇಳಿದರೆ, ಪೇಸ್ಟ್ ಅಥವಾ ಹೀಟ್‌ಸಿಂಕಿನ ಹಿಡಿತದ ಮೇಲೆ ಅನುಮಾನ.

ಧೂಳಾದರೆ ನಡೆಯುವುದೇ ಬೇರೆ. ಬಿಸಿ ಎಸಳಿನ ತನಕ ಸರಿಯಾಗಿ ಹೋಗುತ್ತದೆ, ಹೊರಗೆ ಹೋಗಲು ಗಾಳಿ ಇಲ್ಲ. ಅಷ್ಟೂ ಲೋಹ ನಿಧಾನವಾಗಿ ಕಾಯುತ್ತದೆ. ಡಿಗ್ರಿ ಹತ್ತು ನಿಮಿಷ ತೆವಳಿಕೊಂಡು ಏರುತ್ತದೆ, ಗೇಮ್ ಮುಚ್ಚಿದರೂ ನಿಧಾನವಾಗಿಯೇ ಇಳಿಯುತ್ತದೆ. ಮೇಲಿನ ಉದಾಹರಣೆ ಈ ಜಾತಿಯದು. ಮೂರನೇ ನಿಮಿಷದಲ್ಲಿ 128 ವ್ಯಾಟಿಗೆ 77 ಅಂದರೆ ಪೇಸ್ಟ್ ಕೆಲಸ ಮಾಡುತ್ತಿದೆ. ಆಮೇಲೆ ಉಸಿರು ಕಟ್ಟಿದೆ.

ಈ ಅಂದಾಜನ್ನು ಇನ್ನೊಂದು ಚಿಕ್ಕ ಮೇಲ್‌ನಿಂದ ಗಟ್ಟಿ ಮಾಡಿಕೊಳ್ಳಬಹುದು: "ಸರ್, ಹಿಂಭಾಗಕ್ಕೆ ಎರಡು ಪುಸ್ತಕ ಕೊಟ್ಟು ಎತ್ತಿಟ್ಟು ಇನ್ನೊಮ್ಮೆ ಓಡಿಸ್ತೀರಾ? ಗಾಳಿ ಹೊರಬರುವ ಪ್ರತಿ ಕಿಂಡಿಯ ಮುಂದೆ ಟಿಶ್ಯೂ ಪೇಪರ್ ಹಿಡಿದು ಒಂದು ವಿಡಿಯೋ ಕಳಿಸಿ." ಎತ್ತಿಟ್ಟಾಗ ವ್ಯಾಟ್ ಚೆನ್ನಾಗಿ ಏರಿದರೆ ತೊಂದರೆ ಗಾಳಿಯದೇ. ಒಂದು ಕಿಂಡಿಯಲ್ಲಿ ಪೇಪರ್ ಹಾರಿ ಇನ್ನೊಂದರಲ್ಲಿ ಅಲುಗಾಡದಿದ್ದರೆ ಆ ಕಡೆಯ ಫ್ಯಾನ್ ನಿಂತಿದೆ, ಇಲ್ಲವೇ ಎಸಳು ಪೂರ್ತಿ ಮುಚ್ಚಿದೆ.

ಹೊರಗಿನಿಂದ ಕ್ಲೀನಾಗಿದೆ, ಫೋಟೋ ಕಳಿಸಿದ್ದಾರೆ. ಆದರೂ ಧೂಳು ಇರುತ್ತಾ?

ಇರುತ್ತದೆ. ಧೂಳು ಕಟ್ಟುವುದು ಫ್ಯಾನ್ ಮತ್ತು ಎಸಳಿನ ನಡುವೆ, ಒಳಗಡೆ. ಹೊರಗಿನ ಜಾಲರಿ ಒರೆಸಿದರೆ ಥಳಥಳ ಅನ್ನುತ್ತದೆ. ಮುಚ್ಚಳ ತೆಗೆದು ಫ್ಯಾನನ್ನೂ ಬಿಚ್ಚಿದರೆ ಮಾತ್ರ ಅಲ್ಲಿ ಬಟ್ಟೆಯ ಹಾಗೆ ಕೂತ ಧೂಳಿನ ಪದರ ಕಾಣುತ್ತದೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಕಲ್ಲು ಕ್ರಷರ್ ಹತ್ತಿರದ ಊರುಗಳಲ್ಲಿ ಬಳಸಿದ ಲ್ಯಾಪ್‌ಟಾಪಾದರೆ ಇದನ್ನು ಇನ್ನೂ ಗಮನವಿಟ್ಟು ಕೇಳಿ. ಆ ನುಣುಪು ಕಲ್ಲುಧೂಳು ಫ್ಯಾನಿನ ಬೇರಿಂಗಿಗೂ ಹೋಗುತ್ತದೆ. ಮೂರನೇ ಪ್ರಶ್ನೆಯ ವಿಡಿಯೋದಲ್ಲಿ, ಫ್ಯಾನ್ ನಿಧಾನವಾಗುವಾಗ ಕರಕರ ಅಥವಾ ಟಿಕ್ ಟಿಕ್ ಸದ್ದು ಕೇಳಿದರೆ ಬೇರಿಂಗ್ ಸವೆದಿದೆ. ಜೋರಾಗಿ ತಿರುಗುವಾಗ ಗಾಳಿಯ ಸದ್ದಿನಲ್ಲಿ ಅದು ಮುಚ್ಚಿಹೋಗುತ್ತದೆ.

ಪೇಸ್ಟ್ ಹೊಸದಾಗಿ ಹಾಕಿಸಿದ್ದೀನಿ ಅಂದರು. ಒಳ್ಳೇದೇ ಅಲ್ವಾ?

ಸಾಮಾನ್ಯವಾಗಿ ಒಳ್ಳೆಯದೇ, ಆದರೆ ಫೈಲು ನೋಡದೆ ಒಪ್ಪಬೇಡಿ. ಗ್ರಾಫಿಕ್ಸ್ ಮೆಮೊರಿಯ ಮೇಲೆ ಪೇಸ್ಟ್ ಇರುವುದಿಲ್ಲ, ಮೆತ್ತನೆಯ ಥರ್ಮಲ್ ಪ್ಯಾಡ್ ಇರುತ್ತದೆ. ಹರಿದ ಪ್ಯಾಡಿನ ಜಾಗಕ್ಕೆ ದಪ್ಪದ್ದು ಹಾಕಿದರೆ ಹೀಟ್‌ಸಿಂಕು ಮುಖ್ಯ ಚಿಪ್ಪಿನ ಮೇಲೆ ಸರಿಯಾಗಿ ಕೂರುವುದಿಲ್ಲ. ತೆಳ್ಳಗಿನದು ಹಾಕಿದರೆ ಮೆಮೊರಿ ಕಾಯುತ್ತದೆ. ಇದನ್ನು ಹಿಡಿಯಲು `HWiNFO64` ನಲ್ಲಿ `GPU Hot Spot Temperature` ಕೇಳಿ. ಸಾಮಾನ್ಯ ಡಿಗ್ರಿಗಿಂತ ಅದು 10ರಿಂದ 15 ಜಾಸ್ತಿ ಇರುವುದು ಮಾಮೂಲು. 25ರಷ್ಟು ಅಂತರ ಇದ್ದರೆ ಚಿಪ್ಪಿನ ಒಂದು ಮೂಲೆಗೆ ಸರಿಯಾದ ಹಿಡಿತ ಇಲ್ಲ.

ಸಿಪಿಯು 95 ಡಿಗ್ರಿ ತೋರಿಸ್ತಿದೆ. ಬಿಟ್ಟುಬಿಡ್ಲಾ?

ಅಷ್ಟಕ್ಕೇ ಬಿಡಬೇಡಿ. ರೈಜನ್ 7 5800ಎಚ್‌ನ ಮಿತಿ 105, ಇಂಟೆಲ್‌ನ ಎಚ್ ಸರಣಿಯಲ್ಲಿ ಸಾಮಾನ್ಯವಾಗಿ 100. ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ಸಿಪಿಯು ಆಗಾಗ 90 ದಾಟುವುದು ಹೊಸದರಲ್ಲೂ ಇದೆ.

## ಸ್ವಲ್ಪ ಆಳಕ್ಕೆ

ಗ್ರಾಫಿಕ್ಸ್ ಚಿಪ್ಪೇ ಸಾಯ್ತಾ ಇದ್ದರೆ ಮೇಲ್‌ನಲ್ಲಿ ಹೇಗೆ ಗೊತ್ತಾಗುತ್ತೆ?

ಆರನೇ ಪ್ರಶ್ನೆ ಇದಕ್ಕೆ. `perfmon /rel` ತೆರೆದರೆ ವಿಂಡೋಸ್ ದಿನ ದಿನ ಬರೆದಿಟ್ಟ ತೊಂದರೆಗಳ ಚಾರ್ಟ್ ಬರುತ್ತದೆ. ಅದರಲ್ಲಿ `Hardware error` ಮೇಲೆ ಒತ್ತಿದಾಗ `LiveKernelEvent` 141 ಅಥವಾ 117 ಅಂತ ಕಂಡರೆ, ಗ್ರಾಫಿಕ್ಸ್ ಉತ್ತರ ಕೊಡದೆ ನಿಂತಿತ್ತು, ವಿಂಡೋಸ್ ಅದನ್ನು ಮತ್ತೆ ಎಬ್ಬಿಸಿತು ಅಂತ ಅರ್ಥ. ಒಂದೆರಡು ಇದ್ದರೆ ಡ್ರೈವರ್ ಕಿರಿಕ್ ಇರಬಹುದು. ವಾರ ವಾರ ಇದ್ದರೆ ಮುಂದೆ ಹೋಗಬೇಡಿ. ಚಾರ್ಟ್ ಖಾಲಿ ಇದ್ದರೆ ಖುಷಿಪಡುವ ಮುಂಚೆ ಇದನ್ನೂ ಕೇಳಿ:

```
systeminfo | find "Original Install Date"
```

ವಿಂಡೋಸ್ ಹೋದ ವಾರ ಹಾಕಿದ್ದಾದರೆ ಹಳೆಯ ದಾಖಲೆ ಅಳಿಸಿಹೋಗಿದೆ. ಮಾರುವ ಮುಂಚೆ ಫಾರ್ಮ್ಯಾಟ್ ಮಾಡುವುದು ತಪ್ಪಲ್ಲ, ಎಲ್ಲರೂ ಮಾಡುತ್ತಾರೆ. ಆದರೆ ಆಗ ಈ ಚಾರ್ಟು ಸಾಕ್ಷಿಯಾಗುವುದಿಲ್ಲ, ನೇರ ಪರೀಕ್ಷೆಗೆ ಜಾಸ್ತಿ ಹೊತ್ತು ಕೊಡಿ.

ಚಿಪ್ ಲೆವೆಲ್ ರಿಪೇರಿ ಆಗಿದ್ದರೆ ತಗೊಳ್ಳಬಹುದಾ?

ಯಾವ ಭಾಗ ಅನ್ನುವುದರ ಮೇಲೆ ನಿಂತಿದೆ. ಚಾರ್ಜಿಂಗ್ ಭಾಗದ ಒಂದು ಐಸಿ ಬದಲಾಯಿಸಿದ್ದರೆ ನನಗೆ ಭಯವಿಲ್ಲ. ಗ್ರಾಫಿಕ್ಸ್ ಚಿಪ್ಪನ್ನು ರೀಬಾಲ್ ಮಾಡಿಸಿದ್ದರೆ, ಅಂದರೆ ಬೋರ್ಡಿನಿಂದ ಎಬ್ಬಿಸಿ ಹೊಸ ಬೆಸುಗೆ ಹಾಕಿ ಕೂರಿಸಿದ್ದರೆ, ಅಥವಾ ಬರೀ ಬಿಸಿ ಗಾಳಿ ಕೊಟ್ಟು ಎಬ್ಬಿಸಿದ್ದರೆ, ನಾನಂತೂ ಬೇಡ ಅನ್ನುತ್ತೇನೆ. ಕೆಲವು ತಿಂಗಳು ಚೆನ್ನಾಗಿ ಓಡಿ ಮತ್ತೆ ಕಪ್ಪು ಪರದೆ ಬರುವುದು ಮಾಮೂಲು.

ಅಂಡರ್‌ವೋಲ್ಟ್ ಮಾಡಿದ್ದೀನಿ, ಅದಕ್ಕೇ ಕೂಲ್ ಆಗಿದೆ ಅಂತಾರೆ

ಚಿಪ್ಪಿಗೆ ಹೋಗುವ ವೋಲ್ಟೇಜ್ ಇಳಿಸುವುದು ಜಾಣ ಕೆಲಸವೇ. ಆದರೆ ಆ ಸೆಟ್ಟಿಂಗ್ ಅವರ ವಿಂಡೋಸ್ ಜೊತೆ ಹೋಗುತ್ತದೆ, ನಿಮಗೆ ಸಿಗುವುದು ಫ್ಯಾಕ್ಟರಿ ಸ್ಥಿತಿ. ಆಫ್ಟರ್‌ಬರ್ನರ್ ತರಹದ ಪ್ರೋಗ್ರಾಮಿನಲ್ಲಿ ಆ ಸೆಟ್ಟಿಂಗ್ ರೀಸೆಟ್ ಮಾಡಿ, ರೀಸ್ಟಾರ್ಟ್ ಮಾಡಿ ಇನ್ನೊಂದು ಫೈಲು ಕಳಿಸಲು ಕೇಳಿ.

ವ್ಯಾಟ್ ಪೂರ್ತಿ ಇದೆ, ಡಿಗ್ರಿ ಚೆನ್ನಾಗಿದೆ, ಆದರೂ ಫ್ರೇಮ್ ಕಡಿಮೆ. ಯಾಕೆ?

ರ‍್ಯಾಮ್ ಕೇಳಿ. 16 ಜಿಬಿ ಒಂದೇ ಕಡ್ಡಿಯಲ್ಲಿದೆಯಾ, ಎರಡು 8 ಇದೆಯಾ? ಒಂದೇ ಕಡ್ಡಿ ಇದ್ದರೆ ಸಿಪಿಯುಗೆ ಭಾರ ಬೀಳುವ ಗೇಮುಗಳಲ್ಲಿ ಫ್ರೇಮ್ ಚೆನ್ನಾಗಿಯೇ ಬೀಳುತ್ತದೆ. ಇನ್ನೊಂದು ಕಡ್ಡಿ ಹಾಕಿದರೆ ಸರಿಹೋಗುತ್ತದೆ, ಹೆದರುವಂಥದ್ದಲ್ಲ. ಎರಡನೆಯದು ಮಕ್ಸ್ ಸ್ವಿಚ್. ಅದು ಇಲ್ಲದ ಮಾಡೆಲ್ಲಿನಲ್ಲಿ ಚಿತ್ರ ಸಿಪಿಯು ಒಳಗಿನ ಗ್ರಾಫಿಕ್ಸ್ ಮೂಲಕ ಸುತ್ತಿ ಪರದೆಗೆ ಬರುತ್ತದೆ, ಸ್ವಲ್ಪ ಫ್ರೇಮ್ ಹೋಗುತ್ತದೆ. ಅದನ್ನು ಆಮೇಲೆ ಹಾಕಿಸಲು ಬರುವುದಿಲ್ಲ.

ಧೂಳಿನ ತೊಂದರೆ ಅಂತ ಗೊತ್ತಾಯ್ತು. ಈಗ ಮೇಲ್‌ನಲ್ಲಿ ಏನು ಹೇಳಲಿ?

52,000ದ ಆ ಉದಾಹರಣೆಗೇ ಬರೋಣ. ಆರೋಪ ಬೇಡ, ಅವರದೇ ಅಂಕಿ ತೋರಿಸಿ:

> ಸರ್, ಫೈಲು ಕಳಿಸಿದ್ದಕ್ಕೆ ಥ್ಯಾಂಕ್ಸ್. ಶುರುವಿನಲ್ಲಿ 128 ವ್ಯಾಟ್ ಇದ್ದದ್ದು 25 ನಿಮಿಷಕ್ಕೆ 84ಕ್ಕೆ ಇಳಿದಿದೆ, 87 ಡಿಗ್ರಿಯಲ್ಲಿ ನಿಂತಿದೆ. ಒಳಗೆ ಧೂಳು ಕಟ್ಟಿರಬಹುದು ಅನ್ನಿಸುತ್ತೆ. ನೀವೇ ಕ್ಲೀನ್ ಮಾಡಿಸಿ ಇನ್ನೊಂದು ಫೈಲು ಕಳಿಸಿದರೆ ನೀವು ಹೇಳಿದ ಬೆಲೆಗೇ ಮಾತಾಡೋಣ. ಇಲ್ಲ, ಹೀಗೇ ಕೊಡ್ತೀರಾದರೆ ಕೆಲಸ ನನ್ನ ಮೇಲೆ ಬರುತ್ತೆ, ಸರಿಹೋಗದಿದ್ದರೆ ನಷ್ಟವೂ ನಂದೇ. ಹಾಗಾದರೆ 46,000ಕ್ಕೆ ತಗೊಳ್ತೀನಿ.

ಕ್ಲೀನ್ ಮಾಡಿ ಪೇಸ್ಟ್ ಹಾಕುವುದು ಸಾವಿರದ ಲೆಕ್ಕದ ಕೆಲಸ, ಹತ್ತಾರು ಸಾವಿರದ್ದಲ್ಲ. ಆದರೂ 6,000 ಕಡಿಮೆ ಕೇಳಿದ್ದು ಯಾಕೆ ಅಂದರೆ, ಅಂದಾಜು ತಪ್ಪಿ ಫ್ಯಾನ್ ಅಥವಾ ಹೀಟ್‌ಸಿಂಕೇ ಬದಲಾಯಿಸಬೇಕಾಗಿ ಬಂದರೆ ಅಂತ. ನನ್ನನ್ನು ಕೇಳಿದರೆ ಮೊದಲ ದಾರಿಯೇ ವಾಸಿ. ಕ್ಲೀನ್ ಆದ ಮೇಲೆ 25ನೇ ನಿಮಿಷದಲ್ಲಿ 110ರ ಮೇಲೆ ನಿಂತರೆ ಪೂರ್ತಿ ಬೆಲೆಗೂ ನಷ್ಟವಿಲ್ಲ.

ಟೆಸ್ಟ್ ಎಲ್ಲ ಮಾಡಕ್ಕಾಗಲ್ಲ, ಬಂದು ನೋಡಿ ಅಂದರು

ಎಲ್ಲರಿಗೂ ಪುರುಸೊತ್ತು ಇರುವುದಿಲ್ಲ, ಅದು ಒಪ್ಪತಕ್ಕದ್ದೇ. "ಬಂದಾಗ ನಿಮ್ಮ ಮನೆಯಲ್ಲೇ ಚಾರ್ಜರ್ ಹಾಕಿ ಅರ್ಧ ಗಂಟೆ ಓಡಿಸಲು ಬಿಡ್ತೀರಾ?" ಅಂತ ಒಂದೇ ಸಾಲು ಬರೆಯಿರಿ. ಒಪ್ಪಿದರೆ ಹೋಗಿ. ಅದಕ್ಕೂ ಒಪ್ಪದಿದ್ದರೆ ಅಥವಾ ಬಸ್ ಸ್ಟ್ಯಾಂಡಿನಲ್ಲಿ ಸಿಗೋಣ ಅಂದರೆ ಹೋಗಬೇಡಿ. ಬ್ಯಾಟರಿಯ ಮೇಲೆ ಗ್ರಾಫಿಕ್ಸ್ ಪೂರ್ತಿ ವ್ಯಾಟ್ ಎಳೆಯುವುದಿಲ್ಲ, ಹಾಗಾಗಿ ಅಲ್ಲಿ ಏನು ನೋಡಿದರೂ ನೋಡಿದಂತಲ್ಲ.

ಎಲ್ಲ ಸರಿ ಬಂತು. ಹೋದಾಗ ಮತ್ತೆ ಏನು ನೋಡಬೇಕು?

ಫೈಲು ಕಳಿಸಿದ್ದು ಇದೇ ಲ್ಯಾಪ್‌ಟಾಪಿನದಾ ಅಂತ. ಅದೇ ಕಮ್ಯಾಂಡ್, ಅದೇ ಗೇಮ್, ಇಪ್ಪತ್ತು ನಿಮಿಷ. ರೂಮಿನ ವ್ಯತ್ಯಾಸ ಬಿಟ್ಟರೆ ವ್ಯಾಟ್ ಹೆಚ್ಚುಕಡಿಮೆ ಅಷ್ಟೇ ಇರಬೇಕು. ಪರದೆಯಲ್ಲಿ ಬಣ್ಣದ ಚುಕ್ಕೆ, ಮಿನುಗುವ ಚೌಕ ಬಂದರೆ ಮೆಮೊರಿ ಮೇಲೆ ಅನುಮಾನ. ಚಾರ್ಜರ್ ಮೇಲೆ ಬರೆದ ವ್ಯಾಟ್ ಆ ಮಾಡೆಲ್ಲಿನ ಜೊತೆ ಬಂದದ್ದೇನಾ ನೋಡಿ. 230 ಬೇಕಾದ ಕಡೆ 180ರದ್ದು ಕೊಟ್ಟಿದ್ದರೆ ಎಷ್ಟೇ ಕ್ಲೀನ್ ಮಾಡಿಸಿದರೂ ಪೂರ್ತಿ ಶಕ್ತಿ ಬರುವುದಿಲ್ಲ. ಕೊನೆಗೆ ಹಿಂಭಾಗದ ಸೀರಿಯಲ್ ನಂಬರನ್ನು ಬಿಲ್ಲಿನ ಜೊತೆ ತಾಳೆ ಹಾಕಿ, ಆಮೇಲೆ ದುಡ್ಡು ಕೊಡಿ.